ಕರೆಂಟ್ ಹೋದ ಸಂಜೆಯ ಪಾಳಿ

ಕೇಳುಗರಿಗೆ ನಮಸ್ಕಾರ.

ತುಮಕೂರಿನ ಬಿ.ಎಚ್. ರಸ್ತೆಗೆ ಸೇರುವ ಒಂದು ಅಡ್ಡರಸ್ತೆ, ಮೊದಲ ಮಹಡಿಯಲ್ಲಿ ಒಂದು ಸಣ್ಣ ಆಫೀಸು ಅಂದುಕೊಳ್ಳಿ. ಗ್ರಾಹಕರ ಫೋನ್ ತೆಗೆದುಕೊಂಡು ದೂರು ದಾಖಲಿಸುವ ಕೆಲಸ. ಆರು ಮಂದಿ, ಆರು ಕಂಪ್ಯೂಟರ್, ಮಧ್ಯಾಹ್ನ 2ರಿಂದ ರಾತ್ರಿ 10ರವರೆಗೆ ಪಾಳಿ. ಸಂಜೆ 6.40ಕ್ಕೆ ಕರೆಂಟ್ ಹೋಯಿತು. ಮೂಲೆಯಲ್ಲಿ 1100 ವಿಎ ಇನ್ವರ್ಟರ್ ಇದೆ, ಅದಕ್ಕೆ 12 ವೋಲ್ಟಿನ, 150 ಆಂಪಿಯರ್-ಅವರ್‌ನ ಒಂದೇ ಟ್ಯೂಬುಲರ್ ಬ್ಯಾಟರಿ. ಪಾಳಿ ಮುಗಿಯುವುದಕ್ಕೆ ಇನ್ನೂ 3 ಗಂಟೆ 20 ನಿಮಿಷ ಬಾಕಿ. ಈ ಬ್ಯಾಟರಿ ಹತ್ತು ಗಂಟೆ ಮುಟ್ಟಿಸುತ್ತದೆಯೇ?

ಲೆಕ್ಕ ಹಾಕಿ ನೋಡೋಣ. ಒಂದು ಡೆಸ್ಕ್‌ಟಾಪ್ ಮಾನಿಟರ್ ಸೇರಿ ಸುಮಾರು 110 ವ್ಯಾಟ್ ಎಳೆಯುತ್ತದೆ. ಆರಕ್ಕೆ 660. ಮೂರು ಹಳೆಯ ಫ್ಯಾನು, ತಲಾ 70ರಂತೆ 210. ನಾಲ್ಕು ಎಲ್‌ಇಡಿ ಟ್ಯೂಬ್‌ಲೈಟಿಗೆ 80. ಒಟ್ಟು 950 ವ್ಯಾಟ್. ಇನ್ವರ್ಟರ್ ಮೇಲೆ 1100 ಎಂದು ಬರೆದಿದ್ದರೂ ಅದು ವ್ಯಾಟ್ ಅಲ್ಲ, ವಿಎ. ಅದರಿಂದ ನಿಜಕ್ಕೂ ಸಿಗುವುದು ಸುಮಾರು 850 ವ್ಯಾಟ್. ಅಂದರೆ ಕರೆಂಟ್ ಹೋದ ಕೆಲವೇ ಕ್ಷಣಗಳಲ್ಲಿ ಇನ್ವರ್ಟರ್ ಬೀಪ್ ಬೀಪ್ ಎಂದು ಓವರ್‌ಲೋಡ್ ತೋರಿಸಿ ಟ್ರಿಪ್ ಆಗುತ್ತದೆ. ಇಡೀ ಆಫೀಸು ಕತ್ತಲೆ. ಎಷ್ಟೋ ಕಡೆ ಆಗ ಬ್ಯಾಟರಿ ಹೋಗಿದೆ ಎಂದುಕೊಂಡು ಹೊಸದು ತರುತ್ತಾರೆ. ಬ್ಯಾಟರಿ ಚೆನ್ನಾಗಿಯೇ ಇರುತ್ತದೆ, ಹೊರೆ ಜಾಸ್ತಿ ಆಗಿರುತ್ತದೆ ಅಷ್ಟೆ.

ಈಗ ಹೊರೆ ಇಳಿಸೋಣ. ಮೂರು ಡೆಸ್ಕ್‌ಟಾಪ್, ಎರಡು ಫ್ಯಾನು, ಎರಡು ಟ್ಯೂಬ್‌ಲೈಟ್ ಮಾತ್ರ. ಒಟ್ಟು 510 ವ್ಯಾಟ್. 12ನ್ನು 150ರಿಂದ ಗುಣಿಸಿದರೆ 1800 ಬರುತ್ತದೆ, ಹಾಗಾಗಿ ಮೂರೂವರೆ ಗಂಟೆ ಬರಬೇಕು ಎಂದು ಕಾಗದದ ಮೇಲೆ ಅನ್ನಿಸುತ್ತದೆ. ಆದರೆ ಬರುವುದು ಸುಮಾರು ಎರಡು ಗಂಟೆ. ಕಾರಣ ಎರಡು. 150 ಎಂಬ ಅಂಕಿ 20 ಗಂಟೆ ನಿಧಾನವಾಗಿ ಖಾಲಿ ಮಾಡಿದಾಗ ಸಿಗುವ ಲೆಕ್ಕ. ಬೇಗಬೇಗ ಎಳೆದರೆ ಸೀಸದ ಬ್ಯಾಟರಿ ಅಷ್ಟು ಕೊಡುವುದಿಲ್ಲ, ಮೂರನೇ ಎರಡು ಭಾಗಕ್ಕೇ ಕೈಚೆಲ್ಲುತ್ತದೆ. ಜೊತೆಗೆ ಬ್ಯಾಟರಿಯ ಕರೆಂಟನ್ನು ಮನೆಯ ಕರೆಂಟಾಗಿ ಬದಲಿಸುವಾಗ ಇನ್ವರ್ಟರಿನಲ್ಲೇ ನೂರಕ್ಕೆ ಹದಿನೈದು ಪಾಲು ಬಿಸಿಯಾಗಿ ಹೋಗುತ್ತದೆ. ಹಾಗಾಗಿ 8.40ಕ್ಕೆ ಕೆಲಸ ನಿಂತಿತು. ಬ್ಯಾಟರಿ ಮೂರು ನಾಲ್ಕು ವರ್ಷ ಹಳೆಯದಾಗಿದ್ದರೆ ಏಳೂವರೆಗೇ ನಿಲ್ಲಬಹುದು.

ಅದೇ ಜಾಗದಲ್ಲಿ ಮೂರು ಲ್ಯಾಪ್‌ಟಾಪ್ ಇಡಿ. ಒಂದಕ್ಕೆ 45 ವ್ಯಾಟ್ ಸಾಕು. ಒಟ್ಟು ಹೊರೆ 315ಕ್ಕೆ ಇಳಿಯುತ್ತದೆ. ನಿಧಾನವಾಗಿ ಎಳೆಯುವುದರಿಂದ ಬ್ಯಾಟರಿಯೂ ಹೆಚ್ಚು ಕೊಡುತ್ತದೆ, ಮೂರೂವರೆ ಗಂಟೆ ಬರುತ್ತದೆ. ಪಾಳಿ ಹತ್ತು ಗಂಟೆ ಮುಟ್ಟಿತು. ಇದಕ್ಕೇ ನಾವು ಹೇಳುವುದು, ಎರಡನೇ ಬ್ಯಾಟರಿಗೆ ದುಡ್ಡು ಹಾಕುವ ಮೊದಲು ಮೂರು ಹಳೆಯ ಲ್ಯಾಪ್‌ಟಾಪ್ ನೋಡಿ ಅಂತ. ಒಂದು ಬ್ಯಾಟರಿಯ ಇನ್ವರ್ಟರಿಗೆ ಎರಡನೆಯದನ್ನು ಸುಮ್ಮನೆ ಜೋಡಿಸಲೂ ಬರುವುದಿಲ್ಲ. ಅದರ ಚಾರ್ಜರಿಗೆ ಆ ಶಕ್ತಿ ಇದೆಯೇ ಎಂದು ಮೊದಲು ಕೇಳಬೇಕು.

ಲೇಸರ್ ಪ್ರಿಂಟರನ್ನು ಇನ್ವರ್ಟರ್ ಲೈನಿಗೆ ಎಂದೂ ಹಾಕಬೇಡಿ. ಅದರೊಳಗೆ ಶಾಯಿಪುಡಿಯನ್ನು ಕಾಗದಕ್ಕೆ ಅಂಟಿಸಲು ಹೀಟರ್ ಇರುತ್ತದೆ. ಒಂದು ಹಾಳೆ ಪ್ರಿಂಟ್ ಕೊಟ್ಟ ತಕ್ಷಣ ಅದು ನೂರಾರು ವ್ಯಾಟ್ ಒಮ್ಮೆಲೇ ಎಳೆದು ಇನ್ವರ್ಟರನ್ನು ಮಲಗಿಸುತ್ತದೆ. ಎಲೆಕ್ಟ್ರಿಷಿಯನ್ನನ್ನು ಕರೆದು ಯಾವ ಸಾಕೆಟ್ ಇನ್ವರ್ಟರಿನದು, ಯಾವುದು ನೇರ ಲೈನಿನದು ಎಂದು ಗುರುತಿಸಿ, ನೇರ ಲೈನಿನ ಸಾಕೆಟ್ಟಿಗೆ ಕೆಂಪು ಟೇಪ್ ಅಂಟಿಸಿ.

ಇನ್ನೊಂದು ಸ್ವಿಚ್ ನೋಡಬೇಕು. ಬಹಳಷ್ಟು ಇನ್ವರ್ಟರುಗಳಲ್ಲಿ ಯುಪಿಎಸ್ ಮೋಡ್, ನಾರ್ಮಲ್ ಮೋಡ್ ಎಂದು ಎರಡು ಇರುತ್ತವೆ. ನಾರ್ಮಲ್‌ನಲ್ಲಿ ಬ್ಯಾಟರಿಗೆ ಬದಲಾಗಲು ತಡವಾಗುತ್ತದೆ, ಅಷ್ಟರಲ್ಲಿ ಡೆಸ್ಕ್‌ಟಾಪ್ ರೀಸ್ಟಾರ್ಟ್ ಆಗುತ್ತದೆ. ಯುಪಿಎಸ್ ಮೋಡ್‌ನಲ್ಲಿ ಹಾಗಾಗುವುದಿಲ್ಲ, ಆದರೆ ವೋಲ್ಟೇಜ್ ಸುಮಾರು 180ಕ್ಕಿಂತ ಇಳಿದರೆ ಕರೆಂಟ್ ಇದ್ದರೂ ಅದು ಬ್ಯಾಟರಿಗೆ ಹೋಗಿಬಿಡುತ್ತದೆ. ಬೇಸಿಗೆಯಲ್ಲಿ ಪಂಪ್‌ಸೆಟ್ಟುಗಳ ಹೊರೆ ಬಿದ್ದು ಲೋ ವೋಲ್ಟೇಜ್ ಆಗುವ ಊರುಗಳಲ್ಲಿ ಇದನ್ನು ಗಮನಿಸಲೇಬೇಕು. ಪಕ್ಕದ ಅಂಗಡಿಯಲ್ಲಿ ಟ್ಯೂಬ್‌ಲೈಟ್ ಉರಿಯುತ್ತಿದೆ, ನಿಮ್ಮ ಇನ್ವರ್ಟರ್ ಮಾತ್ರ ಬ್ಯಾಟರಿ ತಿನ್ನುತ್ತಿದೆ ಎಂದರೆ ಕಾರಣ ಇದೇ. ಎಲ್ಲ ಲ್ಯಾಪ್‌ಟಾಪ್ ಆಗಿದ್ದರೆ ನಾರ್ಮಲ್‌ನಲ್ಲಿ ಇಡಬಹುದು.

ಇನ್ನು ಇಂಟರ್‌ನೆಟ್. ಗೋಡೆಯ ಮೇಲಿನ ಫೈಬರ್ ಪೆಟ್ಟಿಗೆ, ಅದರ ಕೆಳಗಿನ ವೈಫೈ ರೂಟರ್, ಎರಡೂ ಸೇರಿ ತಿನ್ನುವುದು ಹೆಚ್ಚೆಂದರೆ 12ರಿಂದ 15 ವ್ಯಾಟ್. ಆದರೆ ಅವು ಒಂದು ಕ್ಷಣ ಆರಿದರೂ ಮತ್ತೆ ಎದ್ದು ನಿಲ್ಲಲು ಎರಡು ಮೂರು ನಿಮಿಷ ಬೇಕು, ಅಷ್ಟರಲ್ಲಿ ನಡೆಯುತ್ತಿದ್ದ ಕರೆಗಳೆಲ್ಲ ಕಡಿದುಹೋಗುತ್ತವೆ. ಅದಕ್ಕೆ ಈ ಎರಡಕ್ಕೂ ಬೇರೆ ಮಿನಿ ಯುಪಿಎಸ್ ಹಾಕಿ, ಆ ಮಿನಿ ಯುಪಿಎಸ್ಸನ್ನು ಇನ್ವರ್ಟರ್ ಸಾಕೆಟ್ಟಿಗೆ ಸಿಕ್ಕಿಸಿ. ಇನ್ವರ್ಟರ್ ಟ್ರಿಪ್ ಆದರೂ ನೆಟ್ ಉಳಿಯುತ್ತದೆ. ಕೊಳ್ಳುವಾಗ ಡಬ್ಬಿಯ ಮೇಲಿನ 8800 ಎಂಎಎಚ್ ನೋಡಿ ಮರುಳಾಗಬೇಡಿ. ಅದು 3.7 ವೋಲ್ಟಿನ ಸೆಲ್ಲಿನ ಲೆಕ್ಕ. 12 ವ್ಯಾಟ್ ಹೊರೆಗೆ ಅದು ಎರಡು ಗಂಟೆ ಚಿಲ್ಲರೆ ಬರುತ್ತದೆ. ಪೆಟ್ಟಿಗೆಯ ಅಡಾಪ್ಟರ್ ಮೇಲೆ ಎಷ್ಟು ವೋಲ್ಟ್ ಬರೆದಿದೆಯೋ ಮಿನಿ ಯುಪಿಎಸ್ಸಿನ ಅದೇ ವೋಲ್ಟಿನ ಪಿನ್ನಿಗೇ ಜೋಡಿಸಿ. 9 ವೋಲ್ಟಿನ ಪೆಟ್ಟಿಗೆಗೆ 12 ಕೊಟ್ಟರೆ ಅದು ಸುಟ್ಟುಹೋಗಬಹುದು.

ಪೆಟ್ಟಿಗೆಗೆ ಕರೆಂಟ್ ಇದೆ, ಆದರೂ ನೆಟ್ ಇಲ್ಲ. ಆಗ ಪೆಟ್ಟಿಗೆಯ ದೀಪಗಳನ್ನು ನೋಡಿ. ಎಲ್‌ಓಎಸ್ ಎಂಬ ದೀಪ ಕೆಂಪಾಗಿ ಮಿಣುಕುತ್ತಿದ್ದರೆ ಫೈಬರಿನಲ್ಲಿ ಬೆಳಕೇ ಬರುತ್ತಿಲ್ಲ. ಒಂದೋ ದಾರಿಯಲ್ಲಿ ಕೇಬಲ್ ತುಂಡಾಗಿದೆ, ಇಲ್ಲವೇ ಕೇಬಲ್‌ನವರ ಕೋಣೆಯಲ್ಲಿನ ಯಂತ್ರ ಆರಿದೆ. ಊರಲ್ಲಿ ಕರೆಂಟ್ ಇದ್ದಾಗ ಕೆಂಪಾದರೆ ಹೆಚ್ಚಾಗಿ ಕೇಬಲ್ ತುಂಡು, ಜೆಸಿಬಿ ಎಲ್ಲೋ ಅಗೆದಿರುತ್ತದೆ. ಕರೆಂಟ್ ಹೋಗಿ ಒಂದು ಗಂಟೆಯಾದ ಮೇಲೆ ಕೆಂಪಾದರೆ ಅವರ ಕೋಣೆಯ ಬ್ಯಾಟರಿ ಮುಗಿದಿರುವ ಸಾಧ್ಯತೆ ಹೆಚ್ಚು. ಈ ಎರಡರಲ್ಲೂ ನಿಮ್ಮ ರೂಟರನ್ನು ಹತ್ತು ಸಲ ಆರಿಸಿ ಹಾಕಿದರೂ ಪ್ರಯೋಜನವಿಲ್ಲ. ಪಾನ್ ಎಂಬ ದೀಪ ಹಸಿರಾಗಿ ನಿಂತಿದ್ದು ನೆಟ್ ಇಲ್ಲದಿದ್ದರೆ ಮಾತ್ರ ಒಂದೇ ಒಂದು ಸಲ ಆರಿಸಿ ಹಾಕಿ ನೋಡಿ. ಹೊಸ ಸಂಪರ್ಕ ತೆಗೆದುಕೊಳ್ಳುವಾಗ ಎಷ್ಟು ಸ್ಪೀಡ್ ಎಂದು ಎಲ್ಲರೂ ಕೇಳುತ್ತಾರೆ. ಕೇಬಲ್‌ನವರ ಕೋಣೆಯ ಬ್ಯಾಟರಿ ಎಷ್ಟು ಗಂಟೆ ಬರುತ್ತದೆ ಎಂದೂ ಕೇಳಿ.

ಎರಡನೇ ಫೈಬರ್ ತೆಗೆದುಕೊಂಡರೆ ಸಾಕು ಎಂಬುದು ತಪ್ಪು ಲೆಕ್ಕ. ಎರಡೂ ಅದೇ ಕಂಬದ ಮೇಲೆ ಬಂದರೆ ಎರಡೂ ಒಟ್ಟಿಗೇ ಹೋಗುತ್ತವೆ. ಬದಲಿ ದಾರಿ ಮೊಬೈಲ್ ಆಗಿರಲಿ, ಫೈಬರ್ ಕೊಟ್ಟ ಕಂಪನಿ ಬಿಟ್ಟು ಬೇರೆಯದರ ಸಿಮ್ ಇರಲಿ. ಫೋನಿನ ಮೂಲಕ ಮಾತಾಡುವ ಇಂಟರ್‌ನೆಟ್ ಕರೆಗೆ ಗಂಟೆಗೆ ಹೋಗಿಬರುವ ಎರಡೂ ಸೇರಿ ಸುಮಾರು 80 ಎಂಬಿ ಸಾಕು. ಮೂರು ಮಂದಿ, ಮೂರು ಗಂಟೆ ಇಪ್ಪತ್ತು ನಿಮಿಷ, ಅಂದರೆ 800 ಎಂಬಿ. ದಿನದ ಪ್ಯಾಕಿನಲ್ಲೇ ಆಗುತ್ತದೆ. ಆದರೆ ವಿಂಡೋಸ್ ಅಪ್‌ಡೇಟ್ ಅದೇ ಹೊತ್ತಿಗೆ ಇಳಿಯಲು ಶುರುವಾದರೆ ಹತ್ತು ನಿಮಿಷದಲ್ಲಿ ಎಲ್ಲ ಖಾಲಿ. ಹಾಗಾಗಿ ಫೋನಿನ ಹಾಟ್‌ಸ್ಪಾಟಿಗೆ ಮೊದಲ ಸಲ ಸೇರಿಸಿದಾಗಲೇ ವಿಂಡೋಸ್‌ನಲ್ಲಿ ಅದನ್ನು ಮೀಟರ್ಡ್ ಕನೆಕ್ಷನ್ ಎಂದು ಗುರುತಿಸಿಡಿ. ಡೆಸ್ಕ್‌ಟಾಪಿಗೆ ಅನೇಕ ಸಲ ವೈಫೈ ಇರುವುದಿಲ್ಲ, ಫೋನನ್ನು ಕೇಬಲ್ಲಿನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಹಾಕಬೇಕು. ಅದು ಡೇಟಾ ಕೇಬಲ್ ಆಗಿರಬೇಕು, ಬರೀ ಚಾರ್ಜ್ ಆಗುವ ಕೇಬಲ್ಲಿನಲ್ಲಿ ಕಂಪ್ಯೂಟರಿಗೆ ಫೋನ್ ಕಾಣುವುದೇ ಇಲ್ಲ. ಕೆಲವು ಕಂಪನಿಗಳ ಸಾಫ್ಟ್‌ವೇರ್ ನಿಮ್ಮ ಆಫೀಸಿನ ನೆಟ್ ವಿಳಾಸದಿಂದ ಮಾತ್ರ ತೆರೆಯುತ್ತದೆ. ಮೊಬೈಲ್ ನೆಟ್‌ನಿಂದಲೂ ತೆರೆಯುವಂತೆ ಮೊದಲೇ ಹೇಳಿ ಮಾಡಿಸಿಕೊಳ್ಳಿ. ಮೊಬೈಲ್ ಟವರಿನ ಬ್ಯಾಟರಿಗೂ ಒಂದು ಮಿತಿ ಇದೆ, ಮತ್ತು ಬೀದಿಯವರೆಲ್ಲ ಒಟ್ಟಿಗೆ ಹಾಟ್‌ಸ್ಪಾಟ್ ಹಾಕಿದಾಗ ನೆಟ್ ನಿಧಾನವಾಗುತ್ತದೆ ಎಂಬುದೂ ನೆನಪಿರಲಿ.

ಎಲ್ಲವೂ ಕೈಕೊಟ್ಟ ಹೊತ್ತಿಗೆ ಉಳಿಯುವುದು ಕಾಗದ. ಹೆಚ್ಚು ತಪ್ಪು ಆಗುವುದೂ ಇಲ್ಲೇ. ಬಿಡಿ ಚೀಟಿಯಲ್ಲಿ ಬರೆಯಬೇಡಿ. ಅಂಗಡಿಯಲ್ಲಿ ಸಿಗುವ, ಕಾರ್ಬನ್ ಹಾಕುವ, ನಂಬರ್ ಅಚ್ಚಾದ ಡುಪ್ಲಿಕೇಟ್ ಪುಸ್ತಕ ಸಾಕು. ಒಂದು ಹಾಳೆಗೆ ಒಂದೇ ಕರೆ. ಕರೆ ಬಂದ ಹೊತ್ತು, ಗ್ರಾಹಕರ ಫೋನ್ ನಂಬರ್, ವಿಷಯ, ನಾವು ಕೊಟ್ಟ ಮಾತು, ಬರೆದವರ ಸಹಿ. ನೆಟ್ ಬಂದ ಮೇಲೆ ಸಾಫ್ಟ್‌ವೇರ್ ತನ್ನಷ್ಟಕ್ಕೆ ಆ ಕ್ಷಣದ ಸಮಯ ಹಾಕಿಕೊಳ್ಳುತ್ತದೆ. 7.15ರ ಕರೆ 9.30ರದು ಎಂದು ದಾಖಲಾಗುತ್ತದೆ. ಅದಕ್ಕೆ ಷರಾ ಕಾಲಮ್ಮಿನಲ್ಲಿ ನಿಜವಾದ ಹೊತ್ತನ್ನೂ ಹಾಳೆಯ ನಂಬರನ್ನೂ ಟೈಪ್ ಮಾಡಬೇಕು.

ಹಾಳೆಗಳನ್ನು ಏರಿಸುವ ಕೆಲಸ ಒಬ್ಬರದೇ ಆಗಿರಲಿ. ಇಬ್ಬರು ಸಹಾಯ ಮಾಡಲು ಹೋದರೆ 14ನೇ ಹಾಳೆ ಎರಡು ದೂರಾಗಿ ಹೋಗುತ್ತದೆ, ಗುಬ್ಬಿಯ ಒಂದೇ ಮನೆಗೆ ಮೆಕ್ಯಾನಿಕ್ ಎರಡು ಸಲ ಹೋಗುತ್ತಾನೆ. ಕರೆಂಟ್ ಹೋದ ಕ್ಷಣದಲ್ಲಿ ಸಬ್‌ಮಿಟ್ ಒತ್ತಿದ್ದ ಕರೆಗಳೇ ಇನ್ನೂ ಅಪಾಯ. ಪರದೆ ಸುತ್ತುತ್ತಾ ನಿಂತಿತ್ತು, ಹೋಯಿತೋ ಇಲ್ಲವೋ ಗೊತ್ತಿಲ್ಲ. ಮತ್ತೆ ಒತ್ತಬೇಡಿ. ಗ್ರಾಹಕರ ಫೋನ್ ನಂಬರ್ ಹಾಕಿ ಹುಡುಕಿ, ದಾಖಲೆ ಇಲ್ಲದಿದ್ದರೆ ಮಾತ್ರ ಹೊಸದು ಮಾಡಿ.

ಕರೆಂಟ್ ಬಂದ ತಕ್ಷಣ ಎಲ್ಲವನ್ನೂ ಹಚ್ಚಬೇಡಿ. ಬಂದು ಹೋಗಿ ಮತ್ತೆ ಬರುವುದುಂಟು, ಐದು ನಿಮಿಷ ಕಾಯಿರಿ. ಬರದೇ ಇದ್ದರೆ ಬೆಸ್ಕಾಂನ 1912ಕ್ಕೆ ಫೋನ್ ಮಾಡುವಾಗ ಬಿಲ್ಲಿನ ಮೇಲಿನ ಆರ್.ಆರ್. ನಂಬರ್ ಬೇಕಾಗುತ್ತದೆ. ಕತ್ತಲಲ್ಲಿ ಬಿಲ್ ಹುಡುಕುವ ಬದಲು ಆ ನಂಬರನ್ನು ಇನ್ವರ್ಟರ್ ಮೇಲೇ ಬರೆದು ಅಂಟಿಸಿಡಿ.

ಪಾಳಿ ಬದಲಾಗುವಾಗ ಜನ ಮರೆಯುವ ಒಂದು ವಿಷಯವಿದೆ. ಖಾಲಿಯಾದ ಬ್ಯಾಟರಿ ಒಂದೆರಡು ಗಂಟೆಯಲ್ಲಿ ತುಂಬುವುದಿಲ್ಲ. ಇನ್ವರ್ಟರಿನ ಚಾರ್ಜರ್ ಕೊಡುವುದು 10ರಿಂದ 15 ಆಂಪಿಯರ್, ಪೂರ್ತಿ ತುಂಬಲು ಹತ್ತು ಗಂಟೆಯಾದರೂ ಬೇಕು. ರಾತ್ರಿ ಹತ್ತಕ್ಕೆ ಕರೆಂಟ್ ಬಂದರೆ ಬೆಳಿಗ್ಗೆ 6ರ ಪಾಳಿಗೆ ಅದು ಇನ್ನೂ ಪೂರ್ತಿಯಾಗಿರುವುದಿಲ್ಲ. ಅಂದು ಬೆಳಿಗ್ಗೆ ದುರಸ್ತಿಗೆಂದು ಲೈನ್ ತೆಗೆದರೆ ಮೂರೂವರೆ ಗಂಟೆ ಇದೆ ಎಂಬ ನಂಬಿಕೆಯಲ್ಲಿ ಕೂತವರು ಎರಡು ಗಂಟೆಗೇ ಸಿಕ್ಕಿಕೊಳ್ಳುತ್ತಾರೆ. ಆದ್ದರಿಂದ ಡುಪ್ಲಿಕೇಟ್ ಪುಸ್ತಕದ ಕೊನೆಯ ಹಾಳೆಯ ಕೆಳಗೆ ಗೆರೆ ಎಳೆದು ಇಷ್ಟು ಬರೆಯಿರಿ: ಬ್ಯಾಟರಿ ಎಷ್ಟು ಹೊತ್ತು ಓಡಿತು, ಕರೆಂಟ್ ಎಷ್ಟಕ್ಕೆ ಬಂತು, ಯಾವ ನಂಬರಿನ ಹಾಳೆವರೆಗೆ ಏರಿಸಿದೆ, ಯಾರಿಗೆ ನಾಳೆ ವಾಪಸ್ ಫೋನ್ ಮಾಡುತ್ತೇವೆ ಎಂದು ಹೇಳಿದೆ. ಪುಸ್ತಕವನ್ನು ಡ್ರಾದೊಳಗೆ ಇಡಬೇಡಿ. ಬೆಳಗಿನವರು ಮೊದಲು ಕೂರುವ ಕುರ್ಚಿಯ ಮುಂದಿನ ಮೇಜಿನ ಮೇಲೆ, ಕೀಬೋರ್ಡಿನ ಮೇಲೆಯೇ ಇಟ್ಟು ಹೊರಡಿ.

ನಮಸ್ಕಾರ.