ಮತ್ತೆ ಹುಟ್ಟಿದ ಕೂದಲಿಗೆ ಮೊದಲ ಬಣ್ಣ

ಕೇಳುಗರೆಲ್ಲರಿಗೂ ನಮಸ್ಕಾರ.

ಕೂದಲಿಗೆ ಬಣ್ಣ ಹಚ್ಚುವುದು ನನ್ನ ಕಸುಬು. ಕೀಮೋಥೆರಪಿ ಮುಗಿಸಿಕೊಂಡು ಬಂದವರ ತಲೆಯನ್ನು ಮುಟ್ಟುವಾಗ ಮಾತ್ರ ನಾನು ಈ ಕೆಲಸವನ್ನು ಹೊಸದಾಗಿ ಕಲಿತಂತೆ ಮಾಡುತ್ತೇನೆ. ಯಾಕೆ ಎಂದು ಹೇಳುವುದಕ್ಕೆ ಒಬ್ಬ ಹೆಣ್ಣುಮಗಳ ವಿಷಯದಿಂದಲೇ ಶುರುಮಾಡುತ್ತೇನೆ.

ಅವರು ಬಂದಾಗ ಕೊನೆಯ ಕೀಮೋ ಆಗಿ ಮೂರು ತಿಂಗಳಾಗಿತ್ತು. ತಲೆಯ ಮೇಲೆ ಒಂದು ಬೆರಳಿನ ಅಗಲಕ್ಕಿಂತ ಸ್ವಲ್ಪ ಹೆಚ್ಚು ಕೂದಲು. ಮೊದಲು ನೇರ, ಕಪ್ಪು ಕೂದಲಿದ್ದವರಿಗೆ ಈಗ ಗುಂಗುರಾಗಿ, ಬೂದು ಬಣ್ಣದ್ದು ಹುಟ್ಟಿತ್ತು. "ಮೇಡಂ, ಕನ್ನಡಿ ನೋಡಿದ್ರೆ ನಾನು ಕಾಣಲ್ಲ, ನಮ್ಮಮ್ಮ ಕಾಣ್ತಾರೆ. ನಾನು ಯಾವಾಗ್ಲೂ ಹಚ್ತಿದ್ದ ಕಪ್ಪು ಬಣ್ಣಾನೇ ಹಚ್ಚಿಬಿಡಿ, ಹತ್ತು ವರ್ಷ ಹಚ್ಚಿದೀನಿ, ಏನೂ ಆಗಿಲ್ಲ" ಅಂದರು. ಅವರ ಆತುರ ನನಗೆ ಅರ್ಥವಾಗುತ್ತಿತ್ತು. ಆದರೂ ಅವತ್ತು ಹಚ್ಚಲಿಲ್ಲ.

ಕೂದಲು ಬೂದಾಗುವುದಕ್ಕೆ ಕಾರಣವಿದೆ. ಕೂದಲಿನ ಬೇರಿನಲ್ಲಿ ಎಳೆ ಬೆಳೆಸುವ ಕೋಶಗಳು ಬೇರೆ, ಅದಕ್ಕೆ ಬಣ್ಣ ತುಂಬುವ ಕೋಶಗಳು ಬೇರೆ. ಔಷಧಿಯ ಪೆಟ್ಟಿನಿಂದ ಎಳೆ ಬೆಳೆಸುವವು ಬೇಗ ಚೇತರಿಸಿಕೊಂಡು, ಬಣ್ಣ ತುಂಬುವವು ತಡವಾದರೆ, ಬಣ್ಣವಿಲ್ಲದ ಎಳೆ ಮೇಲೆ ಬರುತ್ತದೆ. ಹಲವರಲ್ಲಿ ತಿಂಗಳುಗಳು ಕಳೆದಂತೆ ಬಣ್ಣ ಮರಳುತ್ತದೆ. ಕೆಲವರಲ್ಲಿ ಮರಳುವುದಿಲ್ಲ. ಯಾರಿಗೆ ಹೇಗೆಂದು ಮೊದಲೇ ಹೇಳಲಾಗದು.

ಹಾಗಾದರೆ ಯಾವಾಗ ಹಚ್ಚಬಹುದು? ಡೆವಲಪರ್ ಎಂಬ ಪೆರಾಕ್ಸೈಡ್ ದ್ರಾವಣ ಬೆರೆಸಿ ಹಚ್ಚುವ ಶಾಶ್ವತ ಬಣ್ಣಕ್ಕೆ, ಕೊನೆಯ ಕೀಮೋದಿಂದ ಆರು ತಿಂಗಳಾದರೂ ಕಾಯಿರಿ ಎನ್ನುವುದು ಸಾಮಾನ್ಯ ಸಲಹೆ. ನಾನು ತಿಂಗಳ ಲೆಕ್ಕದ ಜೊತೆಗೆ ನೆತ್ತಿಯ ಚರ್ಮವನ್ನೂ ನೋಡುತ್ತೇನೆ. ಬಣ್ಣ ಎಳೆಯ ಮೇಲಷ್ಟೇ ಕೆಲಸ ಮಾಡುತ್ತದೆ, ಬೇರನ್ನು ಸಾಯಿಸುವುದಿಲ್ಲ. ತೊಂದರೆಯಾಗುವುದು ಚರ್ಮಕ್ಕೆ. ಚಿಕಿತ್ಸೆಯಾದ ಮೇಲೆ ಅದು ಒಣಗಿ, ತೆಳ್ಳಗಾಗಿ, ಬೇಗ ಉರಿಯುವಂತಿರುತ್ತದೆ. ಬೆಳಕಿನಲ್ಲಿ ಕೂದಲನ್ನು ಬಿಡಿಸಿ ನೋಡಿ. ಕೆಂಪು, ಹೊಟ್ಟು, ಗುಳ್ಳೆ, ಕೆರೆದ ಗಾಯ, ಮುಟ್ಟಿದರೆ ನೋವು, ಇವುಗಳಲ್ಲಿ ಒಂದಿದ್ದರೂ ಬಣ್ಣ ಬೇಡ. ತಲೆಗೇ ರೇಡಿಯೇಶನ್ ಆಗಿದ್ದರೆ, ಅಥವಾ ಚರ್ಮದಲ್ಲಿ ದದ್ದು ಬರಿಸುವ ಔಷಧಿ ಇನ್ನೂ ನಡೆಯುತ್ತಿದ್ದರೆ, ನಿಮ್ಮ ಕ್ಯಾನ್ಸರ್ ವೈದ್ಯರು ಆಗಬಹುದು ಎನ್ನುವವರೆಗೆ ಮುಟ್ಟಬೇಡಿ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಎರಡೂವರೆ, ಮೂರು ಸೆಂಟಿಮೀಟರ್ ಆಗುವ ಮೊದಲು ಹಚ್ಚಿದರೆ ಬಣ್ಣವೆಲ್ಲ ಚರ್ಮಕ್ಕೇ ಹತ್ತುತ್ತದೆ, ಕೂದಲಿಗಲ್ಲ.

ಮತ್ತೆ ಆ ಹೆಣ್ಣುಮಗಳ ವಿಷಯಕ್ಕೆ ಬರುತ್ತೇನೆ. ಆರು ತಿಂಗಳು ತುಂಬಿದ ಮೇಲೆ ಬಂದರು. ವೈದ್ಯರು ಒಪ್ಪಿದ್ದರು, ನೆತ್ತಿ ಶುಭ್ರವಾಗಿತ್ತು. ಕೈಯಲ್ಲಿ ಒಂದು ಡಬ್ಬಿ ಹಿಡಿದಿದ್ದರು. "ಇದರಲ್ಲಿ ಅಮೋನಿಯಾ ಇಲ್ವಂತೆ ಮೇಡಂ." ಅಮೋನಿಯಾ ಇಲ್ಲ ನಿಜ. ಆದರೆ ಅಲರ್ಜಿಗೆ ಮುಖ್ಯ ಕಾರಣ ಅಮೋನಿಯಾ ಅಲ್ಲ. ಪ್ಯಾರಾ-ಫಿನೈಲೀನ್‌ಡೈಅಮೈನ್ ಎಂಬ ವಸ್ತು, ಚಿಕ್ಕದಾಗಿ ಪಿಪಿಡಿ. ಕಡು ಬಣ್ಣಗಳಿಗೆ ಆ ಗಾಢತೆ ಕೊಡುವುದು ಹೆಚ್ಚಾಗಿ ಅದೇ. ಅವರ ಡಬ್ಬಿಯ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಅದರ ಹೆಸರಿತ್ತು. ಈ ಅಲರ್ಜಿ ಹತ್ತು ವರ್ಷ ಸುಮ್ಮನಿದ್ದು ಹನ್ನೊಂದನೇ ವರ್ಷ ಏಳಬಹುದು. ಹಿಂದೆ ಏನೂ ಆಗಿಲ್ಲ ಎಂಬುದು ಅದಕ್ಕೇ ಸಾಕ್ಷಿಯಾಗುವುದಿಲ್ಲ.

ಪ್ಯಾಚ್ ಟೆಸ್ಟ್ ಮಾಡಿದೆವು. ಡಬ್ಬಿಯ ಸೂಚನೆಯಂತೆ ಕಲಸಿದ ಬಣ್ಣವನ್ನು ಒಳಮೊಣಕೈ ಮೇಲೆ ಚಿಕ್ಕ ನಾಣ್ಯದಷ್ಟು ಹಚ್ಚಿ, ಹೇಳಿದಷ್ಟು ಹೊತ್ತು ಬಿಟ್ಟು ತೊಳೆದು, ಆ ಜಾಗಕ್ಕೆ ಬೇರೇನೂ ಸೋಕಿಸದಂತೆ 48 ಗಂಟೆ ಕಾದೆವು. ಏನೂ ಆಗಲಿಲ್ಲ. ಅವರಿಗೆ ಸಂತೋಷ. ನಾನು ಇನ್ನೊಂದು ದಿನ ತಾಳಿ ಅಂದೆ. ಮೂರನೇ ದಿನ ಬೆಳಗ್ಗೆ ಫೋನ್ ಬಂತು: ಆ ಜಾಗ ಕೆಂಪಾಗಿ ಕಡಿಯುತ್ತಿದೆ, ಸಣ್ಣ ಗುಳ್ಳೆ ಎದ್ದಿವೆ ಎಂದು. ಈ ಬಗೆಯ ಅಲರ್ಜಿ ನಿಧಾನವಾಗಿ ಏಳುತ್ತದೆ. ಎರಡನೇ ದಿನಕ್ಕೇ ತಲೆಗೆ ಹಚ್ಚಿದ್ದರೆ ಮುಖ, ಕಣ್ಣಿನ ರೆಪ್ಪೆ ಊದಿಕೊಳ್ಳುವ ಸಾಧ್ಯತೆಯಿತ್ತು.

ಇಲ್ಲೊಂದು ಮಾತು ಸೇರಿಸಬೇಕು. ಕೀಮೋ ಜೊತೆಗೆ ಸ್ಟಿರಾಯ್ಡ್ ಕೊಡುವುದುಂಟು. ಸ್ಟಿರಾಯ್ಡ್ ನಡೆಯುತ್ತಿರುವಾಗ ಪರೀಕ್ಷೆ ಮಾಡಿದರೆ ಅಲರ್ಜಿ ಅಡಗಿಕೊಂಡು, ಸುಳ್ಳು ಸಮಾಧಾನ ಸಿಗಬಹುದು. ಪರೀಕ್ಷೆ ಯಾವಾಗ ಮಾಡಿದರೆ ನಂಬಬಹುದೆಂದು ವೈದ್ಯರನ್ನೇ ಕೇಳಿ.

ಅವರಿಗೆ ಶಾಶ್ವತ ಬಣ್ಣದ ದಾರಿ ಮುಚ್ಚಿತು. ಉಳಿದದ್ದು ಡೆವಲಪರ್ ಬೇಡದ, ನೇರವಾಗಿ ಹಚ್ಚುವ ಸೆಮಿ-ಪರ್ಮನೆಂಟ್ ಬಣ್ಣ. ಇದು ಎಳೆಯ ಹೊರಪದರಕ್ಕೆ ಅಂಟಿಕೊಂಡು, ಒಂದೊಂದು ಸ್ನಾನಕ್ಕೂ ಸ್ವಲ್ಪ ಸ್ವಲ್ಪ ಬಿಡುತ್ತಾ ಹೋಗುತ್ತದೆ. ಇವುಗಳಲ್ಲೂ ಪಿಪಿಡಿಯ ನೆಂಟರಂಥ ವಸ್ತುಗಳಿರಬಹುದು. ಅದಕ್ಕೇ ಮೊದಲ ಕೆಂಪು ಪೂರ್ತಿ ಇಳಿದ ಮೇಲೆ, ಅವರ ಚರ್ಮವೈದ್ಯರನ್ನು ಕೇಳಿ, ಇನ್ನೊಂದು ಕೈ ಮೇಲೆ ಮತ್ತೆ ಪರೀಕ್ಷೆ. ಈ ಸಲ ನಾಲ್ಕು ದಿನ ಕಾದರೂ ಚರ್ಮ ಹಾಗೆಯೇ ಇತ್ತು.

ಹಚ್ಚುವ ಮೊದಲು ಕುತ್ತಿಗೆಯ ಹತ್ತಿರದ ಒಂದು ಸಣ್ಣ ಗೊಂಚಲಿಗೆ ಮಾತ್ರ ಹಚ್ಚಿ ನೋಡಿದೆ. ನಯವಾದ ಹೊಸ ಎಳೆ ಬಣ್ಣವನ್ನು ಎಷ್ಟು ಬೇಗ ಹೀರುತ್ತದೆಂದು ಊಹಿಸುವುದು ಕಷ್ಟ. ಹತ್ತು ನಿಮಿಷಕ್ಕೇ ಬೇಕಾದ ಬಣ್ಣ ಬಂತು. ಡಬ್ಬಿಯಲ್ಲಿ ಬರೆದಿದ್ದು ಇಪ್ಪತ್ತು. ಛಾಯೆಯನ್ನು ಅವರ ಹಳೆಯ ಕಪ್ಪಿಗಿಂತ ತಿಳಿಯಾದ ಕಂದು ಆರಿಸಿದ್ದೆ. ಗಿಡ್ಡ ಕೂದಲಿನ ಸಂದಿಯಲ್ಲಿ ಬಿಳಿಚಿದ ನೆತ್ತಿ ಕಾಣುವಾಗ ಅಚ್ಚಗಪ್ಪು ಬಣ್ಣ ಟೋಪಿ ಹಾಕಿದಂತೆ ಎದ್ದು ಕಾಣುತ್ತದೆ.

ಆ ದಿನ ತಲೆ ತೊಳೆಯಬೇಡಿ, ಉಜ್ಜಬೇಡಿ ಎಂದಿದ್ದೆ. ನೆತ್ತಿಯ ಸಹಜ ಜಿಡ್ಡು ಸ್ವಲ್ಪ ಕಾಪಾಡುತ್ತದೆ. ಹಣೆಯ ಅಂಚು, ಕಿವಿ, ಕುತ್ತಿಗೆಗೆ ವ್ಯಾಸಲೀನ್ ಸವರಿ, ಕೈಗವಸು ಹಾಕಿಕೊಂಡು, ಸಣ್ಣ ಬ್ರಷ್‌ನ ತುದಿಯಿಂದ ಕೂದಲ ಮೇಲಷ್ಟೇ ಸವರುತ್ತಾ ಹೋದೆ, ಚರ್ಮಕ್ಕೆ ತಿಕ್ಕಲಿಲ್ಲ. ಬಿಸಿಗಾಳಿ ಇಲ್ಲ, ಪ್ಲಾಸ್ಟಿಕ್ ಟೋಪಿ ಇಲ್ಲ. ಮಧ್ಯೆ ಮಧ್ಯೆ "ಉರೀತಿದೆಯಾ?" ಎಂದು ಕೇಳುತ್ತಿದ್ದೆ. ಉರಿ ಎಂದಿದ್ದರೆ ತಕ್ಷಣ ತೊಳೆಯುವುದೇ, ಬಣ್ಣ ಅರೆಬರೆಯಾದರೂ ಸರಿ. ಹತ್ತು ನಿಮಿಷಕ್ಕೆ ಉಗುರುಬೆಚ್ಚಗಿನ ನೀರಿನಲ್ಲಿ, ನೀರು ತಿಳಿಯಾಗುವವರೆಗೆ ತೊಳೆದೆ. ಬಿಳಿ ಎಳೆಗಳು ಪೂರ್ತಿ ಮುಚ್ಚಲಿಲ್ಲ, ಜೇನಿನ ಬಣ್ಣದ ಗೆರೆಗಳಾಗಿ ಉಳಿದವು. ಈ ಬಗೆಯ ಬಣ್ಣದಿಂದ ಅದಕ್ಕಿಂತ ಹೆಚ್ಚು ಬಯಸಬಾರದು.

ಗೋರಂಟಿ ಆಗಬಹುದೇ ಎಂದು ಬಹಳ ಮಂದಿ ಕೇಳುತ್ತಾರೆ. ಅಪ್ಪಟ ಗೋರಂಟಿ ಎಲೆಯ ಪುಡಿ ಆಗಬಹುದು, ಅದಕ್ಕೂ ಪರೀಕ್ಷೆ ಬೇಕು. ಬಿಳಿ ಕೂದಲ ಮೇಲೆ ಅದು ಕಿತ್ತಳೆ ಬಣ್ಣವೇ ಆಗುತ್ತದೆ, ಕಪ್ಪಾಗುವುದಿಲ್ಲ. ಆದ್ದರಿಂದ ಕಪ್ಪು ಮೆಹಂದಿ ಎಂದು ಮಾರುವ ಪುಡಿ ಕಂಡರೆ ಪಿಪಿಡಿ ಇದೆಯೆಂದೇ ಅನುಮಾನಿಸಿ, ಪದಾರ್ಥಗಳ ಪಟ್ಟಿ ಓದಿ. ಬ್ಲೀಚ್ ಮಾತ್ರ ಈ ಎಳೆಗೂದಲಿಗೆ ಖಂಡಿತ ಬೇಡ, ಎಳೆ ಮುರಿಯುತ್ತದೆ. ಹುಬ್ಬಿಗೆ, ಕಣ್ಣಿನ ರೆಪ್ಪೆಗೆ ತಲೆಯ ಬಣ್ಣ ಎಂದೂ ಹಚ್ಚಬೇಡಿ. ಹುಬ್ಬಿಗೆ ಪೆನ್ಸಿಲ್ ಸಾಕು. ಹಚ್ಚಿದ ಮೇಲೆ ಮುಖ ಊದಿದರೆ, ಉಸಿರಾಡಲು ಕಷ್ಟವಾದರೆ, ತೊಳೆದು ನೋಡೋಣ ಎಂದು ಕೂರದೆ ತುರ್ತು ಚಿಕಿತ್ಸೆಗೆ ಹೋಗಿ.

ಆ ಹೆಣ್ಣುಮಗಳು ಆರೇಳು ವಾರಕ್ಕೊಮ್ಮೆ ಅದೇ ಬಣ್ಣಕ್ಕೆ ಬರುತ್ತಿದ್ದರು. ಕೊನೆಯ ಕೀಮೋದಿಂದ ಹನ್ನೊಂದನೇ ತಿಂಗಳಲ್ಲಿ ಬಂದಾಗ ಬಟ್ಟಲಿಗೆ ಬಣ್ಣ ಹಾಕಿ, ಬ್ರಷ್ ಹಿಡಿದು ಕೂದಲು ಬಿಡಿಸಿದೆ. ಬುಡದಲ್ಲಿ ಒಂದು ಸೆಂಟಿಮೀಟರಿನಷ್ಟು ಅವರದೇ ಕಪ್ಪು ಬಂದಿತ್ತು. ಕನ್ನಡಿ ಹಿಡಿದು ತೋರಿಸಿದೆ. ಅವತ್ತು ಬಣ್ಣ ಬೇಡವೆಂದರು. ತುದಿಗಳನ್ನಷ್ಟು ಕತ್ತರಿಸಿಕೊಟ್ಟೆ.

ನಮಸ್ಕಾರ.