ಒಂದು ನಿಮಿಷ ಹೋಗಿ ಬರುವ ವೈಫೈ

ನಮಸ್ಕಾರ. ಮಲ್ಪೆಯಲ್ಲಿ ನಮ್ಮ ಅಕ್ಕನ ಮನೆ. ಅವಳದು ಮನೆಯಿಂದಲೇ ಕೆಲಸ. ಮೀಟಿಂಗ್ ನಡೆಯುವಾಗ ಲ್ಯಾಪ್‌ಟಾಪಿನ ವೈಫೈ ಸುಮ್ನೆ ಹೋಗುತ್ತದೆ, ಸ್ವಲ್ಪ ಹೊತ್ತಿಗೆ ತಾನೇ ಬರುತ್ತದೆ. ರಿಪೇರಿಗೆ ಬಂದ ಹುಡುಗ ಉಪ್ಪುಗಾಳಿಗೆ ಪಿನ್ ತುಕ್ಕು ಹಿಡಿದಿದೆ ಅಂತ ಅಡಾಪ್ಟರ್ ಬದಲಿಸಿ ಹೋದ. ಮರುದಿನ ಮತ್ತೆ ಅದೇ ಕತೆ.

ನಾನು ಹೋದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಅಕ್ಕನ ಮೀಟಿಂಗ್ ನಿಂತ ಹೊತ್ತಿಗೇ ಭಾವನ ಹಳೇ ಫೋನಿನಲ್ಲಿ ಕ್ರಿಕೆಟ್ ಆರಾಮಾಗಿ ಓಡ್ತಾ ಇತ್ತು. ಒಂದೇ ರೂಟರ್ ಎರಡು ತರಂಗಗಳಲ್ಲಿ ವೈಫೈ ಕೊಡುತ್ತದೆ: ಆ ಫೋನು 2.4 ಗಿಗಾಹರ್ಟ್ಸಿನದು, ಲ್ಯಾಪ್‌ಟಾಪು 5ರದು. ಅಂದರೆ ಹೊರಗಿನಿಂದ ಬರುವ ಲೈನು ಸರಿ ಇದೆ, ರೂಟರೂ ಸತ್ತಿಲ್ಲ, 5 ಗಿಗಾಹರ್ಟ್ಸ್ ಒಂದೇ ಕೈಕೊಡ್ತಾ ಇದೆ. ಹೋದ ಸಮಯವನ್ನು ಒಂದು ಚೀಟಿಯಲ್ಲಿ ಬರೆದಿಡು ಅಂದೆ. ಅವಳು ಬರೆದದ್ದು ಹೀಗಿತ್ತು: 11.20ಕ್ಕೆ ಹೋಯಿತು, ಐದಾರು ಸೆಕೆಂಡಿನಲ್ಲಿ ಬಂತು. 11.51ಕ್ಕೆ ಹೋಯಿತು, ಬರಲು ಒಂದು ನಿಮಿಷ ಹಿಡಿಯಿತು. ಮಧ್ಯಾಹ್ನ 3.05, ಆಮೇಲೆ 3.36, ಮತ್ತೆ ಮೊದಲು ಚಿಕ್ಕದು, ನಂತರ ಉದ್ದದ್ದು. ನಡುವೆ ಸುಮಾರು ಅರ್ಧ ಗಂಟೆ.

ಆ ಅರ್ಧ ಗಂಟೆಯೇ ಗುಟ್ಟು ಬಿಟ್ಟುಕೊಟ್ಟಿತು.

5 ಗಿಗಾಹರ್ಟ್ಸಿನ ಚಾನೆಲ್‌ಗಳಲ್ಲಿ 52ರಿಂದ 144ರವರೆಗಿನವು ವೈಫೈಯ ಸ್ವಂತ ಜಾಗವಲ್ಲ, ರಾಡಾರ್ ಜೊತೆ ಹಂಚಿಕೊಂಡದ್ದು. ಕೆಲವು ಹವಾಮಾನ ರಾಡಾರ್‌ಗಳು ಅಲ್ಲೇ, 5600ರಿಂದ 5650 ಮೆಗಾಹರ್ಟ್ಸ್ ನಡುವೆ ಕೆಲಸ ಮಾಡುತ್ತವೆ. ಮಳೆ ಹನಿಗೆ ಬಡಿದು ವಾಪಸ್ ಬರುವ ಸಣ್ಣ ಪ್ರತಿಧ್ವನಿಯನ್ನು ಅವು ಕೇಳಬೇಕು. ಮಧ್ಯೆ ವೈಫೈ ಬಾಯಿ ಹಾಕಿದರೆ ಮಳೆಯ ನಕ್ಷೆಯ ಮೇಲೆ ಉದ್ದಕ್ಕೆ ಒಂದು ಸುಳ್ಳು ಗೆರೆ ಮೂಡುತ್ತದೆ. ಹಾಗಾಗಿ ನಿಯಮ ಏನೆಂದರೆ, ರಾಡಾರ್ ಸದ್ದು ಕೇಳಿದ ಕೂಡಲೇ ರೂಟರ್ ಆ ಚಾನೆಲ್ ಬಿಟ್ಟು ಏಳಬೇಕು, 30 ನಿಮಿಷ ಅಲ್ಲಿಗೆ ತಲೆ ಹಾಕಬಾರದು, ವಾಪಸ್ ಹೋಗುವುದಾದರೆ ಮೊದಲು ಕನಿಷ್ಠ 60 ಸೆಕೆಂಡ್ ಬಾಯಿ ಮುಚ್ಚಿ ಕಿವಿ ಕೊಟ್ಟು ಕೂರಬೇಕು.

ಈಗ ಚೀಟಿ ನೋಡಿ. ಅಕ್ಕನ ರೂಟರ್ ಇದ್ದದ್ದು ಚಾನೆಲ್ 100ರಲ್ಲಿ. 11.20ಕ್ಕೆ ಏನೋ ಕೇಳಿಸಿತು, 36ಕ್ಕೆ ಓಡಿತು. 36ರಲ್ಲಿ ರಾಡಾರ್ ಕಾಟ ಇಲ್ಲ, ಕಾಯಬೇಕಾಗಿಲ್ಲ, ಅದಕ್ಕೇ ಐದಾರು ಸೆಕೆಂಡಿನಲ್ಲಿ ಮುಗಿಯಿತು. ಅರ್ಧ ಗಂಟೆ ಕಳೆದ ಮೇಲೆ ಆ ಪುಣ್ಯಾತ್ಮ ಮತ್ತೆ 100ಕ್ಕೇ ಹೊರಟ, ಅಲ್ಲಿ ಒಂದು ನಿಮಿಷ ಮೌನವ್ರತ. ಎಲ್ಲ ರೂಟರೂ ಹೀಗೆ ವಾಪಸ್ ಹೋಗುವುದಿಲ್ಲ, ಇದು ಹೋಗುವ ಜಾತಿಯದು. ರೂಟರಿನ ಲಾಗ್ ತೆಗೆದು ನೋಡಿದರೆ 11.20ರ ಎದುರು DFS-RADAR-DETECTED ಅಂತ ಬರೆದೇ ಇತ್ತು, 11.51ರ ಎದುರು DFS-CAC-START. DFS ಅಂದರೆ ರಾಡಾರ್ ಕೇಳಿದರೆ ಜಾಗ ಬಿಡುವ ಆ ಏರ್ಪಾಡು, CAC ಅಂದರೆ ಆ ಒಂದು ನಿಮಿಷ ಕಿವಿ ಕೊಟ್ಟು ಕೂರುವುದು. ಎಲ್ಲ ರೂಟರಿನಲ್ಲೂ ಇದೇ ಪದ ಇರುವುದಿಲ್ಲ, radar ಅಥವಾ DFS ಅಂತ ಹುಡುಕಿ.

ಪಕ್ಕದ ಮನೆಯವರು, "ಬಂದರಿನ ಬೋಟಿನ ರಾಡಾರ್ ಇರ್ಬೇಕು ಮಾರಾಯ್ರೇ" ಅಂದರು. ನನಗೂ ಮೊದಲು ಹಾಗೇ ಅನಿಸಿತ್ತು. ಆದರೆ ಬೋಟು, ಹಡಗುಗಳ ರಾಡಾರ್ ಸಾಮಾನ್ಯವಾಗಿ 9 ಗಿಗಾಹರ್ಟ್ಸಿನದು, ದೊಡ್ಡ ಹಡಗಿನಲ್ಲಿ 3ರದ್ದೂ ಇರುತ್ತದೆ. ಇಲ್ಲಿ ಬೋಟಿನವರದು ತಪ್ಪಿಲ್ಲ. ರೂಟರ್ ಕೇಳುವುದು ಒಂದೇ ಲಯದಲ್ಲಿ ಬರುವ ಚಿಕ್ಕ ಚಿಕ್ಕ ಬಡಿತಗಳನ್ನು. ಪಕ್ಕದ ಮನೆಯ ವೈಫೈ, ಕೆಲವೊಮ್ಮೆ ರೂಟರಿಗೆ ಒತ್ತಿಕೊಂಡೇ ಇಟ್ಟ ಫೋನು ಕೂಡ ಅದಕ್ಕೆ ರಾಡಾರಿನ ಹಾಗೆ ಕೇಳಿಸಬಹುದು. ಲಾಗ್ ಓದಿ ಅಸಲಿ ಯಾವುದು, ನಕಲಿ ಯಾವುದು ಅಂತ ಹೇಳಲಾಗುವುದಿಲ್ಲ. ಅನುಮಾನ ಬಂದರೂ ರೂಟರ್ ಏಳಲೇಬೇಕು.

ಪರಿಹಾರ ಸುಲಭ. ಚಾನೆಲನ್ನು ಆಟೋದಿಂದ ತೆಗೆದು 36 ಅಂತ ಕೂರಿಸಿದೆ. ಚಾನೆಲಿನ ಅಗಲ 160 ಮೆಗಾಹರ್ಟ್ಸ್ ಇತ್ತು, 80ಕ್ಕೆ ಇಳಿಸಿದೆ. ರಾಡಾರಿಗೆ ಹೆದರಿ 36ಕ್ಕೆ ಓಡಿದಾಗ ರೂಟರ್ ತಾನೇ 80ಕ್ಕೆ ಇಳಿದಿತ್ತು, ಅದಕ್ಕೇ ಅಲ್ಲಿ ಕಾಯಲಿಲ್ಲ. ನಾವು ಕೂರಿಸುವಾಗ ಇದನ್ನು ಮರೆತರೆ 36 ಹಾಕಿಯೂ ಉಪಯೋಗವಿಲ್ಲ, ಯಾಕೆಂದರೆ 160 ಅಂದರೆ 36ರಿಂದ 64ರವರೆಗೆ ಕಾಲು ಚಾಚಿದ ಹಾಗೆ, ಅರ್ಧ ಮೈ ರಾಡಾರ್ ಜಾಗದಲ್ಲೇ ಇರುತ್ತದೆ. ಸ್ಪೀಡು? ಅಕ್ಕನ ಪ್ಲ್ಯಾನೇ 100 ಎಂಬಿಪಿಎಸ್, ಆ 160 ಅಲ್ಲಿ ಸುಮ್ನೆ ದಂಡ. ಮಂಗಳೂರಿನ ಫ್ಲ್ಯಾಟುಗಳಲ್ಲಿ ಮಾತ್ರ 36ರಲ್ಲಿ ಜಾಸ್ತಿ ಜನ ಇರಬಹುದು, ಆಗ 149 ಹಾಕಿ ನೋಡಿ. ಅಲ್ಲೂ ಹೋಗಿ ಬಂದು ಮಾಡಿದರೆ ಕಾರಣ ರಾಡಾರ್ ಅಲ್ಲ, ಬೇರೆ ಕಡೆ ಹುಡುಕಬೇಕು.

ರೂಟರಿನ ಒಳಗೆ ಕೈ ಹಾಕಲು ಹೆದರಿಕೆಯಾ? ಈ ಸಲ ಕರೆಂಟ್ ಹೋಗಿ ಬಂದಾಗ ಫೋನಿನಲ್ಲಿ ವೈಫೈ ಪಟ್ಟಿ ತೆಗೆದು ನೋಡ್ತಾ ಇರಿ. 2.4ಕ್ಕೂ 5ಕ್ಕೂ ಬೇರೆ ಬೇರೆ ಹೆಸರಿದ್ದರೆ ಗೊತ್ತಾಗುತ್ತದೆ. 2.4ರ ಹೆಸರು ಬಂದು, 5ರದ್ದು ಮತ್ತೂ ಒಂದು ನಿಮಿಷ ತಡವಾಗಿ ಬಂದರೆ, ನಿಮ್ಮ ರೂಟರ್ ರಾಡಾರ್ ಚಾನೆಲಿನಲ್ಲಿ ಕಿವಿ ಕೊಟ್ಟು ಕೂತಿತ್ತು ಅಂತಲೇ ಲೆಕ್ಕ.