ಮಾರುವವರು ಯಾರು ಎಂದು ಮೊದಲು ನೋಡಿ

ಕೇಳುಗರಿಗೆ ನಮಸ್ಕಾರ. ಮೊಬೈಲಿನಲ್ಲಿ ಸಾಮಾನು ಕೊಳ್ಳುವಾಗ ನಾವು ಚಿತ್ರ ನೋಡುತ್ತೇವೆ, ಬೆಲೆ ನೋಡುತ್ತೇವೆ, ಎಷ್ಟು ನಕ್ಷತ್ರ ಬಂದಿದೆಯೆಂದು ನೋಡುತ್ತೇವೆ. ಮಾರುತ್ತಿರುವವರ ಹೆಸರನ್ನು ಮಾತ್ರ ನೋಡುವುದಿಲ್ಲ. ಗ್ರಾಹಕರ ವ್ಯಾಜ್ಯಗಳನ್ನು ನಡೆಸುವ ವಕೀಲನಾಗಿ ನಾನು ಇಂದು ಹೇಳಲು ಬಂದಿರುವುದು ಇದೊಂದನ್ನೇ: ಹಣ ಕಟ್ಟುವ ಮೊದಲು ಮಾರುವವರ ಹೆಸರು ಮತ್ತು ವಿಳಾಸವನ್ನು ನೋಡಿ.

2020ರ ಜುಲೈ ತಿಂಗಳಿನಲ್ಲಿ ಕೇಂದ್ರ ಸರ್ಕಾರವು ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳನ್ನು ಜಾರಿಗೆ ತಂದಿತು. ಅನೇಕ ವ್ಯಾಪಾರಿಗಳು ಸೇರಿ ಮಾರುವ ಜಾಲತಾಣವು ಪ್ರತಿಯೊಬ್ಬ ಮಾರಾಟಗಾರರ ವ್ಯವಹಾರದ ಹೆಸರು, ವಿಳಾಸ ಮತ್ತು ಗ್ರಾಹಕ ಸೇವೆಯ ದೂರವಾಣಿ ಸಂಖ್ಯೆಯನ್ನು ಎದ್ದು ಕಾಣುವಂತೆ ತೋರಿಸಬೇಕೆಂದು ಅವು ಹೇಳುತ್ತವೆ. ಬೆಲೆಯ ಆಸುಪಾಸಿನಲ್ಲಿ, ಸಣ್ಣ ಅಕ್ಷರಗಳಲ್ಲಿ, Sold by ಎಂದು ಒಂದು ಸಾಲು ಇರುತ್ತದೆ. ಅದರ ಮುಂದಿನ ಹೆಸರನ್ನು ಒತ್ತಿದರೆ ಮಾರಾಟಗಾರರ ವಿವರ ತೆರೆದುಕೊಳ್ಳಬೇಕು. ಅಲ್ಲಿ ಊರು, ಬೀದಿ, ಪಿನ್‌ಕೋಡ್ ಏನೂ ಇಲ್ಲದೆ ಬರಿಯ ಹೆಸರಷ್ಟೇ ಇದ್ದರೆ ದಯವಿಟ್ಟು ಮುಂದಕ್ಕೆ ಹೋಗಬೇಡಿ.

ನನ್ನ ಬಳಿ ಸಲಹೆಗೆ ಬಂದಿದ್ದ ಒಬ್ಬ ನಿವೃತ್ತ ಶಿಕ್ಷಕಿಯವರ ಪ್ರಕರಣವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಅವರು ಹೆಸರಾಂತ ಕಂಪನಿಯದೆಂದು ನಂಬಿ ಒಂದು ಮಿಕ್ಸರ್ ತರಿಸಿಕೊಂಡರು. ಮೂರನೆಯ ವಾರ ಇಡ್ಲಿ ಹಿಟ್ಟು ರುಬ್ಬುವಾಗ ಮೋಟಾರಿನಿಂದ ಹೊಗೆ ಬಂತು. ಕಂಪನಿಗೆ ಫೋನು ಮಾಡಿದರೆ, ಆ ಕ್ರಮಸಂಖ್ಯೆಯ ಯಂತ್ರ ನಮ್ಮದಲ್ಲ, ಆ ವ್ಯಾಪಾರಿ ಯಾರೆಂದು ನಮಗೆ ಗೊತ್ತಿಲ್ಲ ಎಂಬ ಉತ್ತರ. ಜಾಲತಾಣದವರನ್ನು ಕೇಳಿದರೆ, ನಾವು ಮಾರುಕಟ್ಟೆ ಒದಗಿಸಿದವರು ಮಾತ್ರ, ಹಿಂದಿರುಗಿಸುವ ಅವಧಿಯೂ ಮುಗಿದಿದೆ ಎಂಬ ಉತ್ತರ. “ಹಾಗಾದರೆ ಸರ್, ನನಗೆ ಇದನ್ನು ಮಾರಿದವರು ಯಾರು?” ಎಂದು ಅವರು ನನ್ನನ್ನು ಕೇಳಿದರು. ಇಡೀ ಪ್ರಕರಣ ಇದ್ದದ್ದೇ ಆ ಪ್ರಶ್ನೆಯಲ್ಲಿ.

ನಾವು ಮೊದಲು ಬಿಲ್ಲನ್ನು ತೆರೆದೆವು. ಅದರಲ್ಲಿದ್ದದ್ದು ಕಂಪನಿಯ ಹೆಸರಲ್ಲ, ಬೇರೊಂದು ಟ್ರೇಡರ್ಸ್‌ನ ಹೆಸರು. ಜಿಎಸ್‌ಟಿ ಸಂಖ್ಯೆಯ ಮೊದಲ ಎರಡು ಅಂಕಿಗಳು 07, ಅಂದರೆ ದೆಹಲಿಯ ನೋಂದಣಿ. ಕರ್ನಾಟಕದ್ದಾಗಿದ್ದರೆ 29 ಇರುತ್ತಿತ್ತು. ಬಳಿಕ ಮಿಕ್ಸರನ್ನು ಮಗುಚಿ ತಳದ ಚೀಟಿಯನ್ನು ಓದಿದೆವು. ಸರಕಿನ ಪುಟದಲ್ಲಿ Country of Origin ಎಂಬುದರ ಮುಂದೆ ಭಾರತ ಎಂದಿತ್ತು, ಚೀಟಿಯಲ್ಲಿ ಚೀನಾ ಎಂದಿತ್ತು. ಮೂಲ ದೇಶವೆಂದರೆ ಸರಕು ತಯಾರಾದ ದೇಶ, ಅಂಗಡಿ ಇರುವ ದೇಶವಲ್ಲ. ಹೊರಗಿನಿಂದ ತರಿಸಿದ ಸರಕಾದರೆ ಆಮದುದಾರರ ಹೆಸರನ್ನೂ ಮಾರಾಟಗಾರರು ಕೊಡಬೇಕು, ಪುಟದಲ್ಲಿ ಅದೂ ಇರಲಿಲ್ಲ. ಪುಟ, ಬಿಲ್ಲು, ಚೀಟಿ ಮೂರರ ಚಿತ್ರಗಳನ್ನೂ ತೆಗೆದಿಟ್ಟೆವು. ಪುಟವನ್ನು ವ್ಯಾಪಾರಿ ಯಾವಾಗ ಬೇಕಾದರೂ ತಿದ್ದಬಹುದು.

ನಂತರ ಜಾಲತಾಣದ ಕುಂದುಕೊರತೆ ಅಧಿಕಾರಿಗೆ ಇಮೇಲ್ ಬರೆದೆವು. ಕೊಂಡವರು ಲಿಖಿತವಾಗಿ ಕೇಳಿದರೆ ಮಾರಾಟಗಾರರ ಮುಖ್ಯ ಕಚೇರಿಯ ವಿಳಾಸ, ಇಮೇಲ್ ಮುಂತಾದ ವಿವರಗಳನ್ನು ಜಾಲತಾಣವು ಕೊಡಲೇಬೇಕು, ಇದು ನಿಯಮದಲ್ಲಿಯೇ ಇದೆ. ದೂರು ತಲುಪಿದೆಯೆಂದು ಆ ಅಧಿಕಾರಿ 48 ಗಂಟೆಯೊಳಗೆ ತಿಳಿಸಬೇಕು, ದೂರು ಬಂದ ದಿನದಿಂದ ಒಂದು ತಿಂಗಳೊಳಗೆ ಅದನ್ನು ಪರಿಹರಿಸಬೇಕು. ಫೋನಿನಲ್ಲಿ ಎಷ್ಟು ಸಲ ಗೋಗರೆದರೂ ಸಿಗದಿದ್ದ ಹಣ, ಆ ಒಂದು ಪತ್ರ ಹೋದ ಮೇಲೆ ಪೂರ್ತಿಯಾಗಿ ಹಿಂದಿರುಗಿತು. ಹತ್ತು ಜನರ ಕೈಗೆ ಫೋನು ದಾಟಿಸುವ ಗ್ರಾಹಕ ಸೇವೆಯೇ ಬೇರೆ, ಹೆಸರು ಮತ್ತು ಹುದ್ದೆಯೊಂದಿಗೆ ಪ್ರಕಟವಾಗಿರಬೇಕಾದ ಕುಂದುಕೊರತೆ ಅಧಿಕಾರಿಯೇ ಬೇರೆ ಎಂಬುದನ್ನು ನಾನು ಎಷ್ಟು ಬಾರಿ ಹೇಳಿದರೂ ಜನ ಮೊದಲನೆಯವರೊಂದಿಗೇ ವಾರಗಟ್ಟಲೆ ಮಾತಾಡುತ್ತಾ ಕೂರುತ್ತಾರೆ.

ಸಮಯ ಮುಗಿಯುತ್ತಾ ಬಂದಿರುವುದರಿಂದ ಉಳಿದದ್ದನ್ನು ಚುಟುಕಾಗಿ ಹೇಳುತ್ತೇನೆ. ಪೊಟ್ಟಣದ ಸರಕಾದರೆ ನಿವ್ವಳ ತೂಕ ಮತ್ತು ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ ಪುಟದಲ್ಲಿಯೇ ಇರಬೇಕು. ದೂರಿಗೆ ಒಂದು ಸಂಖ್ಯೆ ಕೊಡುತ್ತಾರೆ, ಬರೆದಿಟ್ಟುಕೊಳ್ಳಿ. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲಿಯೂ ಆಗದಿದ್ದರೆ ನೀವು ವಾಸವಿರುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲಿಯೇ ದೂರು ಕೊಡಬಹುದು, ಮಾರಿದವರ ಊರಿಗೆ ಹೋಗಬೇಕಾಗಿಲ್ಲ. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯವರೆಗೆ ಇದ್ದರೆ ಶುಲ್ಕವೂ ಇಲ್ಲ. ಆದರೆ ಆ ದೂರಿನಲ್ಲಿ ಎದುರುದಾರರ ಹೆಸರು ಮತ್ತು ಪೂರ್ಣ ವಿಳಾಸವನ್ನು ನೀವೇ ಬರೆಯಬೇಕು, ಆಯೋಗದ ನೋಟಿಸು ಹೋಗುವುದು ಆ ವಿಳಾಸಕ್ಕೆ. ನಮಸ್ಕಾರ.